ಕಾರ್ಖಾನೆಗೆ ಜನ ಬೇಕಾದಾಗ: ಉದ್ಯೋಗ ಪುಟ ಮತ್ತು ಅರ್ಜಿ ನಮೂನೆಯ ಯೋಜನೆ

ಲಕ್ಕವಳ್ಳಿ: ಭದ್ರಾ ಜಲಾಶಯದ ಮಗ್ಗುಲಿನ ಲಕ್ಕವಳ್ಳಿ, ತರೀಕೆರೆ ಭಾಗದವರಿಗೆ ಕಾರ್ಖಾನೆಯ ನೌಕರಿ ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಾಲದಿಂದಲೂ ಈ ಸೀಮೆಯವರು ಯಂತ್ರ, ಕುಲುಮೆಗಳ ಕೆಲಸ ಬಲ್ಲವರು. ಭದ್ರಾವತಿ-ಶಿವಮೊಗ್ಗ ನಡುವಿನ ಎರಕದ ಘಟಕಗಳು ಮತ್ತು ಯಂತ್ರಭಾಗಗಳ ಕಾರ್ಖಾನೆಗಳು ಇಂದು ಜನರನ್ನು ಹುಡುಕುವ ರೀತಿ ಮಾತ್ರ ಬೇರೆಯಾಗಿದೆ. ಪರಿಚಿತರ ಶಿಫಾರಸಿನ ಜಾಗಕ್ಕೆ ಅಂತರ್ಜಾಲದ ಉದ್ಯೋಗ ಪುಟ ಬಂದಿದೆ. ಆದರೆ ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳ ನಮೂನೆಯನ್ನೇ ಇಲ್ಲಿಗೂ ತಂದಿಟ್ಟರೆ ಅದು ಫಲ ಕೊಡುವುದಿಲ್ಲ.

ಉದಾಹರಣೆಗೆ, 60 ಮಂದಿ ಕೆಲಸ ಮಾಡುವ ಒಂದು ಎರಕದ ಘಟಕವನ್ನು ಊಹಿಸಿಕೊಳ್ಳಬಹುದು. ಅಲ್ಲಿ ಹೊಸದಾಗಿ ಸಿಎನ್‌ಸಿ ಲೇತ್ ವಿಭಾಗ ತೆರೆಯಲಾಗುತ್ತಿದ್ದು, ನಾಲ್ವರು ಲೇತ್ ನಿರ್ವಾಹಕರು, ಇಬ್ಬರು ಫಿಟ್ಟರ್‌ಗಳು ಹಾಗೂ ಒಬ್ಬ ಎಲೆಕ್ಟ್ರಿಷಿಯನ್ ಬೇಕಾಗಿದ್ದಾರೆ. ಮಾಲೀಕರು ಸಾಮಾನ್ಯವಾಗಿ ಮೊದಲು ಪುಟದ ಅಂದಚೆಂದದ ಬಗ್ಗೆ ಯೋಚಿಸುತ್ತಾರೆ. ಮೊದಲು ಆಗಬೇಕಾದ ಕೆಲಸ ಬೇರೆಯೇ ಇದೆ. ಅರ್ಜಿ ಕೈಗೆ ಬಂದ ಮೇಲೆ ಯಾರು, ಯಾವ ಮಾಹಿತಿಯನ್ನು ನೋಡಿ, ಏನನ್ನು ನಿರ್ಧರಿಸುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಸಂದರ್ಶನಕ್ಕೆ ಕರೆಯಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಲು ನೆರವಾಗದ ಪ್ರಶ್ನೆಗೆ ಅರ್ಜಿಯಲ್ಲಿ ಸ್ಥಾನವಿಲ್ಲ. ಬ್ಯಾಂಕ್ ಖಾತೆ, ನಾಮನಿರ್ದೇಶನ, ಆಧಾರ್ ಪ್ರತಿ, ಹಳೆಯ ಪಿಎಫ್ ಸಂಖ್ಯೆ ಇವೆಲ್ಲವೂ ಆಯ್ಕೆಯಾದವರಿಂದ ಸೇರುವ ದಿನ ಪಡೆಯಬೇಕಾದವು. ಇವನ್ನೆಲ್ಲ ಮೊದಲೇ ಕೇಳುವ ನಲವತ್ತು ಪ್ರಶ್ನೆಗಳ ನಮೂನೆಯನ್ನು ಮೊಬೈಲ್‌ನಲ್ಲಿ ತುಂಬುವವರು ನಡುವೆಯೇ ಕೈಬಿಡುತ್ತಾರೆ.

ಹಳೆಯ ಕಾಗದದ ಅರ್ಜಿಗಳಿರುವ ಸಂಸ್ಥೆಗೆ ಇದನ್ನು ಪರೀಕ್ಷಿಸುವುದು ಸುಲಭ. ಕಳೆದ ಬಾರಿಯ ಇಪ್ಪತ್ತು ಅರ್ಜಿಗಳನ್ನು ಮುಂದಿಟ್ಟುಕೊಂಡು, ಆಯ್ಕೆಯ ವೇಳೆ ಯಾರೂ ಕಣ್ಣು ಹಾಯಿಸದ ಕಾಲಂಗಳನ್ನು ಪೆನ್ಸಿಲ್‌ನಿಂದ ಹೊಡೆದು ಹಾಕುತ್ತಾ ಹೋದರೆ ಉಳಿಯುವುದೇ ನಿಜವಾದ ನಮೂನೆ.

ಹೆಸರಿನ ಕಾಲಂ ಎಂಬ ತೊಡಕು

ಅತಿ ಸರಳವೆಂದು ತೋರುವ ಹೆಸರಿನ ಕಾಲಂ ಇಲ್ಲಿ ಅತಿ ಹೆಚ್ಚು ತೊಂದರೆ ಕೊಡುತ್ತದೆ. ಸಿದ್ಧ ನಮೂನೆಗಳಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಕಡ್ಡಾಯ ಕಾಲಂಗಳಿರುತ್ತವೆ. ಈ ಭಾಗದ ಬಹುಪಾಲು ಅಭ್ಯರ್ಥಿಗಳಿಗಿರುವುದು ಇನಿಷಿಯಲ್ ಮತ್ತು ಹೆಸರು ಮಾತ್ರ. ‘ಎಲ್’ ಎಂಬ ಅಕ್ಷರ ತಂದೆಯ ಹೆಸರೂ ಆಗಿರಬಹುದು, ಲಕ್ಕವಳ್ಳಿಯೂ ಆಗಿರಬಹುದು. ಕೊನೆಯ ಹೆಸರು ಕಡ್ಡಾಯವೆಂದಾಗ ಒಬ್ಬರು ಚುಕ್ಕೆ ಇಡುತ್ತಾರೆ, ಇನ್ನೊಬ್ಬರು ತಂದೆಯ ಹೆಸರು ಬರೆಯುತ್ತಾರೆ, ಮತ್ತೊಬ್ಬರು ತಮ್ಮ ಹೆಸರನ್ನೇ ಎರಡು ಸಲ ತುಂಬುತ್ತಾರೆ. ಅದೇ ಹೆಸರು ನೇಮಕಾತಿ ಪತ್ರಕ್ಕೆ, ಅಲ್ಲಿಂದ ಪಿಎಫ್ ದಾಖಲೆಗೆ ಹೋಗಿ ಆಧಾರ್‌ನೊಂದಿಗೆ ತಾಳೆಯಾಗದೆ ನಿಲ್ಲುತ್ತದೆ. ‘ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆ ಪೂರ್ಣ ಹೆಸರು’ ಎಂಬ ಒಂದೇ ಕಾಲಂ ಇಟ್ಟು, ಆಧಾರ್‌ನಲ್ಲಿರುವ ಹೆಸರನ್ನು ಸೇರುವ ದಿನ ತಾಳೆ ನೋಡಿದರೆ ಸಾಕು. ಇಮೇಲ್ ವಿಳಾಸ ಕಡ್ಡಾಯವಾಗಬೇಕಿಲ್ಲ. ಅದರ ಬದಲು ಮನೆಯವರ ಎರಡನೆಯ ದೂರವಾಣಿ ಸಂಖ್ಯೆ ಹೆಚ್ಚು ಉಪಯುಕ್ತ. ಸಿಮ್ ಬದಲಿಸಿದ ಅಭ್ಯರ್ಥಿಯನ್ನು ಹುಡುಕಲು ಬೇರೆ ದಾರಿ ಇರುವುದಿಲ್ಲ.

ಅನುಭವ ಎಂದರೆ ಎಷ್ಟು ವರ್ಷ?

‘ಎರಡು ವರ್ಷ ಅನುಭವ’ ಎಂಬ ಉತ್ತರದಿಂದ ಲೇತ್ ವಿಭಾಗದ ಮೇಲ್ವಿಚಾರಕನಿಗೆ ಏನೂ ತಿಳಿಯುವುದಿಲ್ಲ. ಸಿದ್ಧಪಡಿಸಿಟ್ಟ ಯಂತ್ರಕ್ಕೆ ಬಿಡಿಭಾಗ ಹಾಕಿ ಗುಂಡಿ ಒತ್ತಿದ ಅನುಭವವೂ ಎರಡು ವರ್ಷ. ಟೂಲ್ ಕೂರಿಸಿ, ಅಳತೆ ತೆಗೆದು, ಆಫ್‌ಸೆಟ್ ಸರಿಪಡಿಸಿದ ಅನುಭವವೂ ಎರಡು ವರ್ಷ. ಮೊದಲನೆಯವನು ನಿರ್ವಾಹಕ, ಎರಡನೆಯವನು ಸೆಟ್ಟರ್. ಇಬ್ಬರ ಸಂಬಳವೂ ಬೇರೆ. ಆದ್ದರಿಂದ ಪ್ರಶ್ನೆಯನ್ನು ಒಡೆದು ಕೇಳಬೇಕು: ಯಾವ ಯಂತ್ರ, ಫ್ಯಾನಕ್ ಅಥವಾ ಸೀಮೆನ್ಸ್‌ನಂಥ ಯಾವ ನಿಯಂತ್ರಕ, ಟೂಲ್ ಆಫ್‌ಸೆಟ್ ಸ್ವತಃ ಬದಲಿಸಿದ್ದೀರಾ, ಮೈಕ್ರೋಮೀಟರ್ ಓದಬಲ್ಲಿರಾ. ಇವಕ್ಕೆ ಹೌದು-ಇಲ್ಲ ಅಥವಾ ಆಯ್ಕೆಯ ಉತ್ತರ ಸಾಕು. ಉಳಿದದ್ದನ್ನು ಯಂತ್ರದ ಮುಂದೆ ಹತ್ತು ನಿಮಿಷ ನಿಲ್ಲಿಸಿ ನೋಡಬಹುದು. ಐಟಿಐ ಓದಿದವರಿಂದ ಟ್ರೇಡ್ ಮತ್ತು ತೇರ್ಗಡೆಯಾದ ವರ್ಷವನ್ನಷ್ಟೇ ಕೇಳಿದರಾಯಿತು. ಅಂಕಪಟ್ಟಿಯ ಫೋಟೊ ಏರಿಸುವುದನ್ನು ಕಡ್ಡಾಯಗೊಳಿಸಿದರೆ ಕಡತದ ಗಾತ್ರ ಮಿತಿ ಮೀರಿತೆಂಬ ಒಂದೇ ಕಾರಣಕ್ಕೆ ಒಳ್ಳೆಯ ಕೆಲಸಗಾರರು ತಪ್ಪಿಹೋಗುತ್ತಾರೆ.

ಪ್ರಶ್ನೆ ಕೇಳುವ ಸಂಸ್ಥೆ ತಾನೂ ಉತ್ತರ ಕೊಡಬೇಕು. ಲಕ್ಕವಳ್ಳಿಯಿಂದ ಬರಬೇಕಾದವನಿಗೆ ಮೊದಲು ತಿಳಿಯಬೇಕಾದದ್ದು ಪಾಳಿಯ ವೇಳೆ, ರಾತ್ರಿ ಪಾಳಿ ಮುಗಿದಾಗ ವಾಹನದ ವ್ಯವಸ್ಥೆ ಮತ್ತು ಕೈಗೆ ಸಿಗುವ ಸಂಬಳ. ‘ಆಕರ್ಷಕ ವೇತನ’ ಎಂಬ ಮಾತನ್ನು ಈಗ ಯಾರೂ ನಂಬುವುದಿಲ್ಲ. ತಿಂಗಳ ವೇತನ 20,000 ರೂಪಾಯಿ ಇದ್ದು ಪೂರ್ತಿ ಮೊತ್ತದ ಮೇಲೆ ಶೇ 12 ಪಿಎಫ್ ಮುರಿದರೆ 2,400 ರೂಪಾಯಿ, ಶೇ 0.75 ಇಎಸ್‌ಐ ಮುರಿದರೆ 150 ರೂಪಾಯಿ ಹೋಗಿ 17,450 ರೂಪಾಯಿ ಕೈಸೇರುತ್ತದೆ. ಎರಡೂ ಅಂಕಿಗಳನ್ನು ಪುಟದಲ್ಲಿ ಬರೆಯಬೇಕು. ಇಲ್ಲವಾದರೆ ಮೊದಲ ಸಂಬಳ ಬಂದ ದಿನ ಜಗಳ, ಎರಡನೆಯ ತಿಂಗಳು ಹುದ್ದೆ ಖಾಲಿ. ಅಪ್ರೆಂಟಿಸ್ ತರಬೇತಿಯನ್ನು ಕಾಯಂ ಹುದ್ದೆಗಳ ಜೊತೆ ಬೆರೆಸಕೂಡದು. 30 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆ ಒಟ್ಟು ಸಂಖ್ಯೆಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕಾಗಿದ್ದು, ಅವರ ಒಪ್ಪಂದ apprenticeshipindia.gov.in ತಾಣದಲ್ಲಿ ಪ್ರತ್ಯೇಕವಾಗಿ ದಾಖಲಾಗುತ್ತದೆ.

ಕೇಳಬಾರದ ಪ್ರಶ್ನೆಗಳು

ಹಳೆಯ ನಮೂನೆಗಳಲ್ಲಿ ಜಾತಿ, ವಿವಾಹ, ಮಕ್ಕಳ ಸಂಖ್ಯೆಯ ಕಾಲಂಗಳು ಅಭ್ಯಾಸಬಲದಿಂದ ಉಳಿದುಕೊಂಡಿವೆ. ಆಯ್ಕೆಗೆ ಅವುಗಳಿಂದ ಪ್ರಯೋಜನವಿಲ್ಲ, ಅನುಮಾನಕ್ಕೆ ಮಾತ್ರ ಎಡೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಒಂದೇ ಬಗೆಯ ಕೆಲಸದ ನೇಮಕದಲ್ಲಿ ಲಿಂಗದ ಆಧಾರದ ತಾರತಮ್ಯ ಸಲ್ಲದು. ‘ಪುರುಷರು ಮಾತ್ರ’ ಎಂದು ಬರೆಯುವ ಮುನ್ನ ಕಾನೂನು ನೋಡಬೇಕು. ಎಚ್‌ಐವಿ ಪರೀಕ್ಷೆಯನ್ನು ನೌಕರಿಯ ಷರತ್ತಾಗಿಸುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯು ಖಾಸಗಿ ಸಂಸ್ಥೆಗೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸುವ ಹೊಣೆ ಹೊರಿಸಿದ್ದು, ಅದಕ್ಕೆ ಉದ್ಯೋಗ ಪುಟವೇ ತಕ್ಕ ಸ್ಥಳ.

ಅರ್ಜಿದಾರರ ಮಾಹಿತಿಯನ್ನು ಏತಕ್ಕೆ ಬಳಸಲಾಗುವುದು, ಎಷ್ಟು ಕಾಲ ಇಡಲಾಗುವುದು ಎಂಬುದನ್ನು ನಮೂನೆಯ ಮೇಲ್ಭಾಗದಲ್ಲಿ ಕನ್ನಡದಲ್ಲೇ ತಿಳಿಸಬೇಕು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಪುಟ ತೆರೆದ ಮೇಲೆ ಮೂರು ಲೆಕ್ಕಗಳನ್ನು ಇಟ್ಟರೆ ದೋಷ ಎಲ್ಲಿದೆ ಎಂಬುದು ತಿಳಿಯುತ್ತದೆ. ಅರ್ಜಿ ಆರಂಭಿಸಿದವರಿಗೂ ಸಲ್ಲಿಸಿದವರಿಗೂ ಭಾರಿ ಅಂತರವಿದ್ದರೆ ನಮೂನೆ ಉದ್ದವಾಗಿದೆ ಅಥವಾ ಯಾವುದೋ ಕಾಲಂ ಅಡ್ಡಗಟ್ಟುತ್ತಿದೆ. ಅರ್ಜಿಗಳು ಹೇರಳವಾಗಿ ಬಂದು ಅರ್ಹರು ಬೆರಳೆಣಿಕೆಯಷ್ಟಿದ್ದರೆ ಹುದ್ದೆಯ ವಿವರಣೆ ಅಸ್ಪಷ್ಟ. ಆಯ್ಕೆಯಾದವರೇ ಸೇರಲು ಬಾರದಿದ್ದರೆ ಸಂಬಳ, ಪಾಳಿ ಅಥವಾ ಪ್ರಯಾಣದ ವಿಷಯದಲ್ಲಿ ಪುಟ ಏನನ್ನೋ ಮುಚ್ಚಿಟ್ಟಿದೆ. ಅಂಥವರಲ್ಲಿ ನಾಲ್ವರಿಗೆ ದೂರವಾಣಿ ಕರೆ ಮಾಡಿ ವಿಚಾರಿಸಿದರೆ ಅದು ಯಾವುದೆಂಬುದು ಅದೇ ದಿನ ತಿಳಿಯುತ್ತದೆ.