ಚಿತ್ರದ ಕೆಳಗಿನ ಗೆರೆ

ಮನೆಯ ಮಕ್ಕಳ ವಿಜ್ಞಾನದ ಪುಸ್ತಕವನ್ನು ಎಂದಾದರೂ ತಿರುವಿ ಹಾಕಿದ್ದರೆ, ಮನುಷ್ಯನ ರಕ್ತದ ಒಂದು ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ದುಂಡುದುಂಡಾದ ಕೆಂಪು ಕಣಗಳು, ಒಂದೊಂದೂ ಅವರೆಕಾಳಿನಷ್ಟು. ಚಿತ್ರದ ಅಡಿಯಲ್ಲಿ ‘2000 ಪಟ್ಟು’ ಎಂದು ಬರೆದಿರುತ್ತದೆ; ಒಂದು ಮೂಲೆಯಲ್ಲಿ ಸಣ್ಣದೊಂದು ಅಡ್ಡಗೆರೆ, ಅದರ ಮೇಲೆ ‘10 ಮೈಕ್ರೊಮೀಟರ್’ ಎಂಬ ಮಾತು. ನಾವು ಕಣಗಳನ್ನು ನೋಡುತ್ತೇವೆ, ಗೆರೆಯನ್ನು ನೋಡುವುದಿಲ್ಲ. ಆದರೆ ಆ ಕಣ ನಿಜವಾಗಿ ಎಷ್ಟು ದೊಡ್ಡದು ಎಂದು ಮಗು ಕೇಳಿದರೆ ಉತ್ತರವಿರುವುದು ಆ ಎರಡು ಗುರುತುಗಳಲ್ಲಿ. ಎರಡೂ ಒಂದೇ ಮಾತನ್ನು ಹೇಳುವಂತೆ ತೋರಿದರೂ, ಒಂದನ್ನು ನಂಬಿ ಮೋಸಹೋಗಬಹುದು, ಇನ್ನೊಂದನ್ನು ಬಹುಮಟ್ಟಿಗೆ ನಂಬಬಹುದು. ಏಕೆ ಹೀಗೆ ಎಂಬುದಕ್ಕೆ ಮುನ್ನೂರೈವತ್ತು ವರ್ಷಗಳಿಗೂ ಮೀರಿದ ಕಥೆಯಿದೆ.

1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ಎಂಬಾತ ‘ಮೈಕ್ರೊಗ್ರಾಫಿಯ’ ಎಂಬ ದೊಡ್ಡ ಪುಸ್ತಕವನ್ನು ಪ್ರಕಟಿಸಿದನು. ಕ್ಷೌರದ ಕತ್ತಿಯಷ್ಟು ಹರಿತ ಮಾಡಿದ ಚಾಕುವಿನಿಂದ ಬೆಂಡಿನ ಒಂದು ತೆಳ್ಳನೆಯ ಹೋಳನ್ನು ತೆಗೆದು, ಕಪ್ಪು ಬಿಲ್ಲೆಯ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವನಿಗೆ ಜೇನುಹುಟ್ಟಿನಂತೆ ಸಣ್ಣ ಸಣ್ಣ ಕೋಣೆಗಳು ಕಂಡವು. ಅವುಗಳಿಗೆ ಅವನು ಇಟ್ಟ ಹೆಸರೇ ಇಂದಿಗೂ ಇಂಗ್ಲಿಷಿನಲ್ಲಿ ‘ಸೆಲ್’ ಎಂದು ಉಳಿದಿದೆ. ನಾವು ಅದನ್ನು ‘ಕೋಶ’ ಎಂದೆವು. ಕತ್ತಿಯ ಒರೆಯೂ ಕೋಶ, ಅರಸನ ಬೊಕ್ಕಸವೂ ಕೋಶ, ಅಮರಸಿಂಹನ ನಿಘಂಟೂ ಕೋಶ. ಒಳಗೇನನ್ನಾದರೂ ಇಟ್ಟುಕೊಂಡದ್ದೆಲ್ಲ ಕೋಶವೇ. ಹುಕ್ಕನು ನೋಡಿದ ಬೆಂಡಿನ ಕೋಣೆಗಳು ಮಾತ್ರ ಬರಿದಾಗಿದ್ದವು ಎಂಬುದು ಬೇರೆ ಮಾತು.

ಅವನು ನೋಡಿ ಬೆರಗಾಗಿ ಸುಮ್ಮನಿರಲಿಲ್ಲ, ಎಣಿಸಿದನು. ಒಂದು ಅಂಗುಲದ ಹದಿನೆಂಟನೆಯ ಒಂದು ಭಾಗದಲ್ಲಿ ಸಾಲಾಗಿ ಸುಮಾರು 60 ಕೋಣೆಗಳು ಸಿಕ್ಕಿದವು. ಹಾಗಾದರೆ ಒಂದು ಅಂಗುಲದಲ್ಲಿ ಅರವತ್ತು ಹದಿನೆಂಟಲೆ 1080. ಅಂಗುಲವೆಂದರೆ 25.4 ಮಿಲಿಮೀಟರ್, ಅದನ್ನು 1080ರಿಂದ ಭಾಗಿಸಿದರೆ ಒಂದು ಕೋಣೆಯ ಪಾಲಿಗೆ ಬರುವುದು 0.0235 ಮಿಲಿಮೀಟರ್. ಇಷ್ಟು ಸೊನ್ನೆಗಳೊಡನೆ ಹೆಣಗುವ ಬದಲು ಮಿಲಿಮೀಟರಿನ ಸಾವಿರದ ಒಂದು ಪಾಲನ್ನು ಒಂದು ಮೈಕ್ರೊಮೀಟರ್ ಎಂದು ಕರೆಯುತ್ತಾರೆ. ಹಿಂದೆ ಇದಕ್ಕೆ ಮೈಕ್ರಾನ್ ಎಂಬ ಹೆಸರಿತ್ತು. 1967ರಲ್ಲಿ ಅದನ್ನು ಅಧಿಕೃತವಾಗಿ ಕೈಬಿಟ್ಟರು. ಹುಕ್ಕನ ಕೋಣೆ ಸುಮಾರು 23 ಅಥವಾ 24 ಮೈಕ್ರೊಮೀಟರ್ ಎಂದಾಯಿತು. ಇಲ್ಲಿಯವರೆಗೆ ಅವನ ಲೆಕ್ಕ ಚೊಕ್ಕ. ಮುಂದೆ ಅವನು 1080ನ್ನು ಮೂರು ಸಲ ಗುಣಿಸಿ, ಒಂದು ಘನ ಅಂಗುಲದಲ್ಲಿ 125,97,12,000 ಕೋಣೆಗಳೆಂದು ಬರೆದನು. ಕೋಣೆಯ ಉದ್ದ, ಅಗಲ, ಎತ್ತರ ಮೂರೂ ಒಂದೇ ಎಂದು ಹಿಡಿದರೆ ಮಾತ್ರ ಇದು ಸರಿ. ಬೆಂಡಿನ ಕೋಶಗಳು ಹಾಗಿರುವುದಿಲ್ಲ. ಗುಣಾಕಾರದಲ್ಲಿ ಒಂದು ಅಂಕಿಯೂ ತಪ್ಪಿಲ್ಲ, ಆದರೂ ಅಷ್ಟು ಅಂಕಿಗಳನ್ನು ಬರೆಯುವ ಅಧಿಕಾರ ಆ ಎಣಿಕೆಗೆ ಇರಲಿಲ್ಲ.

ಸೂಕ್ಷ್ಮದರ್ಶಕವು ವಸ್ತುವನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂದು ತಿಳಿಯುವ ಉಪಾಯವನ್ನೂ ಅವನು ಮುನ್ನುಡಿಯಲ್ಲಿ ಹೇಳಿದ್ದಾನೆ. ಒಂದು ಕಣ್ಣಿನಿಂದ ಗಾಜಿನ ಮೂಲಕ ವಸ್ತುವನ್ನು ನೋಡಬೇಕು. ಅದೇ ಹೊತ್ತಿಗೆ ಇನ್ನೊಂದು ಬರಿಗಣ್ಣಿನಿಂದ ಪಕ್ಕದಲ್ಲಿಟ್ಟ ಅಳತೆಪಟ್ಟಿಯನ್ನು ನೋಡಬೇಕು. ಎರಡು ನೋಟಗಳೂ ಬೆರೆತು, ಹಿಗ್ಗಿದ ರೂಪವು ಪಟ್ಟಿಯ ಮೇಲೆ ಬಿದ್ದಂತೆ ಕಾಣುತ್ತದೆ. ಅಲ್ಲಿ ಓದಿಕೊಂಡ ಅಳತೆಯನ್ನು ವಸ್ತುವಿನ ನಿಜವಾದ ಅಳತೆಯಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ಸಿಕ್ಕಿತು. ಇಂದಿನ ಶಾಲೆಯ ಸೂತ್ರವೂ ಇದೇ: ಚಿತ್ರದ ಅಳತೆಯನ್ನು ನಿಜದ ಅಳತೆಯಿಂದ ಭಾಗಿಸಿದರೆ ವರ್ಧನೆ, ಚಿತ್ರದ ಅಳತೆಯನ್ನು ವರ್ಧನೆಯಿಂದ ಭಾಗಿಸಿದರೆ ನಿಜದ ಅಳತೆ.

ಈ ಭಾಗಾಕಾರದ ಮೇಲೆ ರೋಗಿಯ ಹಣೆಬರಹವೂ ನಿಂತಿದ್ದ ಕಾಲವಿತ್ತು. ಇಂಗ್ಲೆಂಡಿನ ವೈದ್ಯ ಸೆಸಿಲ್ ಪ್ರೈಸ್-ಜೋನ್ಸ್ 1910ರಲ್ಲಿ ಕೆಂಪು ರಕ್ತಕಣಗಳ ಅಡ್ಡಳತೆಯ ವಿಚಾರವಾಗಿ ಒಂದು ಲೇಖನವನ್ನು ಬರೆದನು. ಅವನ ಕ್ರಮ ಬಹಳ ಸರಳ. ಗಾಜಿನ ಮೇಲೆ ಸವರಿ ಒಣಗಿಸಿದ ರಕ್ತದ ಕಣಗಳ ಅಂಚನ್ನು ಸರಿಯಾಗಿ 1000 ಪಟ್ಟು ಹಿಗ್ಗಿಸಿ ಕಾಗದದ ಮೇಲೆ ಬರೆದುಕೊಳ್ಳುವುದು. ಮಿಲಿಮೀಟರಿನ ಪಟ್ಟಿಯಿಂದ ಅಳೆಯುವುದು. ಸಾವಿರ ಪಟ್ಟು ಎಂದಾಗ ಕಾಗದದ ಮೇಲಿನ ಒಂದು ಮಿಲಿಮೀಟರ್ ನಿಜದ ಒಂದು ಮೈಕ್ರೊಮೀಟರಿಗೆ ಸಮ, ಲೆಕ್ಕವನ್ನೇ ಮಾಡಬೇಕಾಗಿಲ್ಲ! ಹೀಗೆ ಒಬ್ಬೊಬ್ಬರ ರಕ್ತದಲ್ಲಿ 500 ಕಣಗಳನ್ನು ಅಳೆಯುವ ಪದ್ಧತಿ ಅವನದು. ಆರೋಗ್ಯವಂತರಲ್ಲಿ ಸರಾಸರಿ 7.2 ಮೈಕ್ರೊಮೀಟರ್ ಬಂತು. ‘ಪರ್ನಿಷಸ್ ಅನೀಮಿಯ’ ಎಂಬ, ಆಗ ಮಾರಕವಾಗಿದ್ದ ರಕ್ತಹೀನತೆಯಲ್ಲಿ ಸರಾಸರಿ ಇದಕ್ಕಿಂತ ದೊಡ್ಡದಾಗಿ, ಚಿಕ್ಕ ಕಣಗಳೂ ತೀರ ದೊಡ್ಡ ಕಣಗಳೂ ಕಲೆತಿರುವುದು ಕಂಡುಬಂತು.

ಈಗ ಒಂದು ಕ್ಷಣ ಯೋಚಿಸಿರಿ. ಬರೆಯುವ ಕಾಗದ ಸ್ವಲ್ಪ ದೂರ ಸರಿದು, ಸಾವಿರ ಪಟ್ಟು ಎಂದುಕೊಂಡದ್ದು ನಿಜವಾಗಿ 1100 ಪಟ್ಟು ಆಗಿದೆ ಎನ್ನೋಣ. ಆರೋಗ್ಯವಂತನ 7.2ರ ಕಣ ಕಾಗದದ ಮೇಲೆ 7.9 ಮಿಲಿಮೀಟರ್ ಬೀಳುತ್ತದೆ. ಅಳೆದವನ ಕೈ ತಪ್ಪಿಲ್ಲ, ಪಟ್ಟಿ ತಪ್ಪಿಲ್ಲ. ಆದರೂ ಇಲ್ಲದ ರೋಗವೊಂದರ ಅನುಮಾನ ಹುಟ್ಟಿತು. ಅದಕ್ಕೇ ಇಂಥ ಕೆಲಸದಲ್ಲಿ ಮೊದಲು ರಕ್ತದ ಗಾಜನ್ನು ತೆಗೆದು, ಅದರ ಜಾಗದಲ್ಲಿ ಗೆರೆ ಕೊರೆದ ಗಾಜೊಂದನ್ನು ಇಡುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಒಂದು ಮಿಲಿಮೀಟರನ್ನು ನೂರು ಸಮಪಾಲು ಮಾಡಿರುತ್ತದೆ. ಒಂದು ಮನೆಗೆ 10 ಮೈಕ್ರೊಮೀಟರ್. ಆ ಒಂದು ಮನೆ ಕಾಗದದ ಮೇಲೆ ಸರಿಯಾಗಿ 10 ಮಿಲಿಮೀಟರ್ ಬಿದ್ದರೆ ಸಾವಿರ ಪಟ್ಟು ಎಂಬುದು ಖಾತ್ರಿ. ಇಂದು ಆಸ್ಪತ್ರೆಗಳಲ್ಲಿ ಕಣದ ಗಾತ್ರವನ್ನು ಯಂತ್ರಗಳೇ ಅಳೆದು ಹೇಳುತ್ತವೆ. ಆದರೆ ಚಿತ್ರವನ್ನು ನೋಡಿ ಅಳೆಯುವಲ್ಲಿ ಈ ಗೆರೆಯ ಗಾಜು ಇಂದಿಗೂ ಬೇಕು.

ಪ್ರೈಸ್-ಜೋನ್ಸನ ಕಾಗದ ಅವನ ಮೇಜಿನ ಮೇಲೆಯೇ ಇತ್ತು. ಚಿತ್ರವು ಪುಸ್ತಕಕ್ಕೆ ಹೋದಾಗ ತೊಂದರೆ ಶುರು. ಮೊದಲು ಹೇಳಿದ ರಕ್ತದ ಚಿತ್ರವನ್ನೇ ತೆಗೆದುಕೊಳ್ಳಿರಿ. ಮೂಲ ಚಿತ್ರದಲ್ಲಿ ಒಂದು ಕಣದ ಅಡ್ಡಳತೆ 15 ಮಿಲಿಮೀಟರ್. ಇದನ್ನು ಮೈಕ್ರೊಮೀಟರಿಗೆ ತಿರುಗಿಸಿದರೆ 15,000. ಅದನ್ನು 2000ದಿಂದ ಭಾಗಿಸಿದರೆ ಏಳೂವರೆ ಮೈಕ್ರೊಮೀಟರ್. ಸರಿಯಾದ ಉತ್ತರ. ಇನ್ನು, ಅಚ್ಚುಕೂಟದವರು ಪುಟದಲ್ಲಿ ಜಾಗ ಸಾಲದೆಂದು ಚಿತ್ರವನ್ನು ಮೂರರಲ್ಲಿ ಎರಡು ಪಾಲಿಗೆ ಕುಗ್ಗಿಸಿದರು. ಕಣ ಈಗ 10 ಮಿಲಿಮೀಟರ್. ಅಡಿಯ ‘2000 ಪಟ್ಟು’ ಎಂಬ ಅಕ್ಷರಗಳನ್ನು ಯಾರೂ ತಿದ್ದಲಿಲ್ಲ. ಅವು ತಾವಾಗಿ ಬದಲಾಗುವುದೂ ಇಲ್ಲ. ಓದುಗನು 10,000ವನ್ನು 2000ದಿಂದ ಭಾಗಿಸಿ 5 ಮೈಕ್ರೊಮೀಟರ್ ಎನ್ನುತ್ತಾನೆ. ಕಣದ ಮೂರನೆಯ ಒಂದು ಪಾಲು ಅಚ್ಚುಕೂಟದಲ್ಲೇ ಉಳಿಯಿತು!

ಗೆರೆಯ ಸಂಗತಿ ಹಾಗಲ್ಲ. 10 ಮೈಕ್ರೊಮೀಟರನ್ನು ಸೂಚಿಸುವ ಗೆರೆ ಮೂಲ ಚಿತ್ರದಲ್ಲಿ 20 ಮಿಲಿಮೀಟರ್ ಇತ್ತು. ಚಿತ್ರದೊಡನೆ ಅದೂ ಕುಗ್ಗಿ ಸುಮಾರು 13.3 ಆಯಿತು. ಕಣ 10, ಗೆರೆ 13.3, ಅಂದರೆ ಕಣವು ಗೆರೆಯ ಮುಕ್ಕಾಲು ಪಾಲು. ಹತ್ತರ ಮುಕ್ಕಾಲು ಏಳೂವರೆ. ಉತ್ತರ ಅಲುಗಲಿಲ್ಲ. ಭೂಪಟದ ಮೂಲೆಯಲ್ಲಿ ಮೈಲಿಗಳ ಗೆರೆ ಹಾಕುವುದೂ ಇದೇ ಕಾರಣಕ್ಕೆ. ಇಂದು ಹುಡುಗರು ಮೊಬೈಲ್ ಫೋನಿನಲ್ಲಿ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡುತ್ತಾರಲ್ಲ, ಅಲ್ಲಿ ಬರೆದಿಟ್ಟ ಪಟ್ಟಿನ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ. ಚಿತ್ರದ ಒಳಗೇ ಇರುವ ಗೆರೆ ಮಾತ್ರ ಕಣದ ಜೊತೆಗೆ ಹಿಗ್ಗುತ್ತದೆ.

ನಿಮ್ಮ ಕೈಯಲ್ಲಿರುವ ಚಿತ್ರ ಹೀಗೆ ಕುಗ್ಗಿದೆಯೇ ಎಂದು ನೀವೇ ಪತ್ತೆ ಹಚ್ಚಬಹುದು. ಗೆರೆಯನ್ನು ಅಳೆಯಿರಿ: 13.3 ಮಿಲಿಮೀಟರ್, ಎಂದರೆ 13,300 ಮೈಕ್ರೊಮೀಟರ್. ಅದು ಸೂಚಿಸುವ 10ರಿಂದ ಭಾಗಿಸಿದರೆ 1330 ಪಟ್ಟು. ಅಡಿಯಲ್ಲಿ 2000 ಎಂದಿದ್ದರೆ ಚಿತ್ರಕ್ಕೆ ಯಾರೋ ಕೈ ಹಾಕಿದ್ದಾರೆ ಎಂದೇ ತಿಳಿಯಿರಿ. ಇನ್ನೊಂದು ತಪ್ಪು ಶಾಲೆಗಳಲ್ಲಿ ಸಾಮಾನ್ಯ. ಕಣ್ಣಿನ ಬಳಿಯ ಮಸೂರ 10 ಪಟ್ಟು, ವಸ್ತುವಿನ ಬಳಿಯದು 40 ಪಟ್ಟು. ಗುಣಿಸಿ 400 ಎಂದು ಚಿತ್ರದ ಅಡಿಯಲ್ಲಿ ಬರೆದುಬಿಡುತ್ತಾರೆ. ಅದು ಇಣುಕಿ ನೋಡಿದ ಕಣ್ಣಿಗೆ ಕಂಡ ಹಿಗ್ಗು. ಕಾಗದದ ಮೇಲೆ ಚಿತ್ರವನ್ನು ಎಷ್ಟು ದೊಡ್ಡದಾಗಿ ಅಚ್ಚು ಹಾಕಿದರು ಎಂಬುದು ಅದಕ್ಕೇನು ಗೊತ್ತು?

ಅಳೆಯುವಾಗ ಮಿಲಿಮೀಟರನ್ನು ಸಾವಿರದಿಂದ ಗುಣಿಸಲು ಮರೆಯುವವರು ಬಹಳ. ಗೆರೆ ತೀರ ಗಿಡ್ಡವಾಗಿದ್ದರೂ ಕಷ್ಟವೇ. ಐದು ಮಿಲಿಮೀಟರಿನ ಗೆರೆಯಲ್ಲಿ ಅರ್ಧ ಮಿಲಿಮೀಟರ್ ಕಣ್ಣು ತಪ್ಪಿದರೆ ಉತ್ತರದಲ್ಲಿ ಹತ್ತನೆಯ ಒಂದು ಪಾಲು ತಪ್ಪು ಬಂತು. ಪ್ರೈಸ್-ಜೋನ್ಸನ ಕಾಗದ ಸರಿದದ್ದೂ ಅಷ್ಟೇ ಅಲ್ಲವೆ? ಒಂದೇ ಕಣವನ್ನು ನೆಚ್ಚದೆ ಹತ್ತಾರನ್ನು ಅಳೆದು ಸರಾಸರಿ ತೆಗೆಯಬಹುದು, ಆದರೆ ಗೆರೆಯ ತಪ್ಪು ಸರಾಸರಿಯಿಂದ ಹೋಗುವುದಿಲ್ಲ. ಅದು ಎಲ್ಲ ಕಣಗಳಿಗೂ ಒಂದೇ ಸಮನೆ ಅಂಟುತ್ತದೆ.

ಗೆರೆ ಸರಿಯಾಗಿದ್ದರೂ ಒಂದು ಎಚ್ಚರ ಬೇಕು. ಚಿತ್ರದಲ್ಲಿರುವುದು ಅನೇಕ ವೇಳೆ ಇಡಿಯ ಕೋಶವಲ್ಲ, ಕೊಯ್ದ ಹೋಳು. ನಿಂಬೆಹಣ್ಣನ್ನು ನಡುವೆ ಕೊಯ್ದರೆ ಒಂದು ಅಗಲ, ತೊಟ್ಟಿನ ಬಳಿ ಕೊಯ್ದರೆ ಇನ್ನೊಂದು. ಚಾಕು ಕೋಶದ ಅಂಚಿನಲ್ಲಿ ಹಾಯ್ದಿದ್ದರೆ ಎಷ್ಟು ಜಾಗರೂಕತೆಯಿಂದ ಅಳೆದರೂ ಸಿಗುವುದು ಆ ಚಿಕ್ಕ ಹೋಳಿನ ಅಗಲವೇ. ಕೊಯ್ಯುವುದಕ್ಕೆ ಮುಂಚೆ ಮದ್ಯಸಾರದಲ್ಲಿ ನೀರು ಹೀರಿಸಿದಾಗ ಕೋಶ ಕುಗ್ಗಿರುವುದೂ ಉಂಟು.

ಗೆರೆಯೇ ಇಲ್ಲದಿದ್ದರೆ, ಅಥವಾ ಬೇರೊಂದು ಮಸೂರದ ಗೆರೆಯನ್ನು ತಪ್ಪಾಗಿ ಅಂಟಿಸಿದ್ದಾರೆಂಬ ಸಂಶಯ ಬಂದರೆ, ಅನುಭವಸ್ಥ ವೈದ್ಯರು ಅದೇ ಚಿತ್ರದಲ್ಲಿ ರಕ್ತನಾಳವೊಂದನ್ನು ಹುಡುಕಿ, ಅದರೊಳಗಿನ ಕೆಂಪು ಕಣವನ್ನು ನೋಡುತ್ತಾರೆ. ಅದರ ಅಗಲ ಸುಮಾರು ಏಳು ಮೈಕ್ರೊಮೀಟರ್ ಎಂದು ಹಿಡಿದು, ಪಕ್ಕದ ಕೋಶ ಅದರ ಎರಡರಷ್ಟೋ ಮೂರರಷ್ಟೋ ಎಂದು ಅಂದಾಜು ಮಾಡುತ್ತಾರೆ. ಹುಕ್ಕನ ಸಮಕಾಲೀನನಾದ ಹಾಲೆಂಡಿನ ಲೇವನ್‌ಹುಕ್‌ನು ತಾನು ಕಂಡ ಸೂಕ್ಷ್ಮಜೀವಿಗಳನ್ನು ಮರಳಿನ ಕಣಕ್ಕೆ ಹೋಲಿಸಿ ಬರೆಯುತ್ತಿದ್ದನು. ಮರಳಿನ ಕಣ ಇದ್ದ ಜಾಗದಲ್ಲಿ ಈಗ ರಕ್ತದ ಕಣ ಬಂದಿದೆ.