ಗದ್ದೆಯ ಹೊಳಪು, ರಾಮನ್ ಅವರ ಹರಳು

ದಢೇಸುಗೂರಿನ ಕಡೆ ನಾಟಿಗೆ ನೀರು ನಿಲ್ಲಿಸಿದ ಗದ್ದೆಯ ಬದುವಿನ ಮೇಲೆ ನಿಂತು ನೋಡಿ. ನೀರಿನ ಮೇಲಿನ ಆಕಾಶದ ಹೊಳಪು ಕಣ್ಣಿಗೆ ಹೊಡೆಯುತ್ತದೆ, ಕೆಳಗಿನ ಮಣ್ಣು ಕಾಣುವುದೇ ಇಲ್ಲ. ಈ ಹೊಳಪನ್ನು ತೆಗೆದುಹಾಕಿದರೆ ನೀರು ಹೇಗೆ ಕಂಡೀತು? 1921ರಲ್ಲಿ ಸಿ.ವಿ. ರಾಮನ್ ಸಮುದ್ರದ ಮೇಲೆ ಮಾಡಿ ನೋಡಿದ್ದು ಇದನ್ನೇ.

ಸಮುದ್ರದ ಕಡುನೀಲಿ ನೀರಿನದಲ್ಲ, ಅದು ಬರೀ ಆಕಾಶದ ಪ್ರತಿಬಿಂಬ ಎಂದು ಇಂಗ್ಲೆಂಡಿನ ಹೆಸರಾಂತ ವಿಜ್ಞಾನಿ ಲಾರ್ಡ್ ರೇಲೀ ಹೇಳಿದ್ದರು. ಇದನ್ನು ಪರೀಕ್ಷಿಸಲು ಬೇಕಾದ ಉಪಾಯ ನೂರು ವರ್ಷ ಹಿಂದೆಯೇ ಸಿಕ್ಕಿತ್ತು.

ಬೆಳಕು ಒಂದು ಅಲೆ. ಬಿಸಿಲಿನಲ್ಲಿ ಅದು ಎಲ್ಲಾ ದಿಕ್ಕಿಗೂ ಕಂಪಿಸುತ್ತದೆ. 1808ರಲ್ಲಿ ಪ್ಯಾರಿಸ್‌ನ ಮಾಲುಸ್, ಅರಮನೆಯ ಕಿಟಕಿ ಗಾಜಿನಲ್ಲಿ ಹೊಳೆಯುತ್ತಿದ್ದ ಸಂಜೆ ಸೂರ್ಯನನ್ನು ಒಂದು ಹರಳಿನ ಮೂಲಕ ನೋಡಿದ. ಹರಳು ತಿರುಗಿಸಿದಂತೆ ಹೊಳಪು ಹೆಚ್ಚು ಕಡಿಮೆ ಆಯಿತು. ಅಂದರೆ ಗಾಜಿಗೆ ಬಡಿದು ಬಂದ ಬೆಳಕು ಹೆಚ್ಚಾಗಿ ಒಂದೇ ದಿಕ್ಕಿಗೆ ಕಂಪಿಸುತ್ತಿತ್ತು. ಇದೇ ಧ್ರುವೀಕರಣ. 1815ರಲ್ಲಿ ಸ್ಕಾಟ್ಲೆಂಡಿನ ಬ್ರೂಸ್ಟರ್, ಇದು ಪೂರ್ತಿಯಾಗುವ ವಿಶೇಷ ಕೋನದ ಲೆಕ್ಕ ಕೊಟ್ಟ. ನೀರಿಗೆ ಅದು ನೆಟ್ಟನೆಯ ಗೆರೆಯಿಂದ ಸುಮಾರು 53 ಡಿಗ್ರಿ. ಆ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಅಡ್ಡಡ್ಡ ಮಾತ್ರ ಕಂಪಿಸುತ್ತದೆ.

1921ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನಿಂದ ನರ್ಕುಂಡಾ ಹಡಗಿನಲ್ಲಿ ಮರಳುವಾಗ ರಾಮನ್ ಬಳಿ ನಿಕಾಲ್ ಪ್ರಿಸಂ ಎಂಬ ಹರಳಿತ್ತು. ಅದು ಒಂದೇ ದಿಕ್ಕಿನ ಕಂಪನವನ್ನು ಒಳಬಿಡುತ್ತದೆ. ಅವರು ಆ ವಿಶೇಷ ಕೋನದಲ್ಲಿ ಸಮುದ್ರ ನೋಡುತ್ತಾ, ಉದ್ದುದ್ದ ಕಂಪನ ಮಾತ್ರ ಬರುವಂತೆ ಹರಳು ಹಿಡಿದರು. ಆಕಾಶದ ಪ್ರತಿಬಿಂಬ ಆರಿತು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು! ಬಣ್ಣ ನೀರಿನ ಒಳಗಿಂದಲೇ ಬರುತ್ತಿತ್ತು. ಮುಂಬೈ ಬಂದರಿನಿಂದಲೇ ಅವರು ‘ನೇಚರ್’ ಪತ್ರಿಕೆಗೆ ಬರೆದರು. ನೀರಿನ ಕಣಗಳು ಬೆಳಕು ಚದುರಿಸುವುದರ ಹಿಂದೆ ಬಿದ್ದವರಿಗೆ 1928ರಲ್ಲಿ ರಾಮನ್ ಪರಿಣಾಮ ಸಿಕ್ಕಿತು. 1933ರಲ್ಲಿ ಅವರು ಬೆಂಗಳೂರಿಗೆ ಬಂದು ಇಲ್ಲಿಯೇ ಉಳಿದರು.

ಹರಳನ್ನು ಸ್ವಲ್ಪ ಓರೆ ಹಿಡಿದಿದ್ದರೆ? ಅದಕ್ಕೂ ಮಾಲುಸ್‌ನ ನಿಯಮವಿದೆ. ಕಂಪನದ ದಿಕ್ಕಿಗೂ ಹರಳಿಗೂ 45 ಡಿಗ್ರಿ ಇದ್ದರೆ ಅರ್ಧ ಬೆಳಕು ದಾಟುತ್ತದೆ, 60 ಇದ್ದರೆ ಕಾಲು ಭಾಗ, 90 ಇದ್ದರೆ ಸೊನ್ನೆ. ಹಾಗಾಗಿ ಎರಡು ಧ್ರುವಕ ಹಾಳೆಗಳನ್ನು ಒಂದಕ್ಕೊಂದು ಅಡ್ಡ ಇಟ್ಟರೆ ಕತ್ತಲೆ. ಆದರೆ ನಡುವೆ ಮೂರನೆಯದನ್ನು 45 ಡಿಗ್ರಿ ಓರೆಯಾಗಿ ತೂರಿಸಿದರೆ ಬೆಳಕು ಮತ್ತೆ ಬರುತ್ತದೆ. ಮೊದಲ ಹಾಳೆ ಅರ್ಧ ಬಿಡುತ್ತದೆ. ನಡುವಿನದು ಅದರಲ್ಲಿ ಅರ್ಧ ಬಿಟ್ಟು, ಕಂಪನವನ್ನು ತನ್ನ ದಿಕ್ಕಿಗೆ ತಿರುಗಿಸುತ್ತದೆ. ಕೊನೆಯದು ಮತ್ತೆ ಅರ್ಧ. ಒಟ್ಟು ಎಂಟನೇ ಒಂದು ಪಾಲು.

ನೀವೂ ನೋಡಬಹುದು. ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬದುವಿನ ಮೇಲೆ ನಿಲ್ಲಿ. ನಿಮ್ಮ ಕಣ್ಣು ನೀರಿನಿಂದ 5 ಅಡಿ ಮೇಲಿದ್ದರೆ, ಸುಮಾರು ಆರೂವರೆ ಅಡಿ ದೂರದ ನೀರು ನೋಡಿ. ತಿಳಿನೀರಾದರೆ ತಳದ ಮಣ್ಣು ಕಾಣುತ್ತದೆ. ತಲೆ ಓರೆ ಮಾಡಿ, ಹೊಳಪು ಮರಳುತ್ತದೆ. ಮರಳದಿದ್ದರೆ ಗ್ಲಾಸ್ ಪೋಲರಾಯ್ಡ್ ಅಲ್ಲ, ಬರೀ ಬಣ್ಣದ ಗಾಜು. ಕಾಲ ಬುಡದ ನೀರಿಗೆ ಇದು ನಡೆಯದು, ಗಾಳಿಗೆ ನೀರು ಅಲುಗಿದರೂ ಹೊಳಪು ಪೂರ್ತಿ ಆರದು.