ಎಚ್‌ಎಂಟಿ ಕೀ ಕೈಗಡಿಯಾರಗಳು: ಅಸಲಿತನ, ಸ್ಥಿತಿ ಮತ್ತು ಬೆಲೆಯ ನಿರ್ಣಯ

ಹಿಂದೂಸ್ತಾನ್ ಮಷಿನ್ ಟೂಲ್ಸ್ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಕೈಗಡಿಯಾರ ತಯಾರಿಕೆಯನ್ನು ಆರಂಭಿಸಿತು. ಮೊದಲ ವರ್ಷಗಳ ಕೆಲವು ಡಯಲ್‌ಗಳ ಮೇಲೆ ಎರಡೂ ಸಂಸ್ಥೆಗಳ ಹೆಸರು ಒಟ್ಟಿಗೆ ಅಚ್ಚಾಗಿದೆ. ಆಮೇಲೆ ತುಮಕೂರು, ಶ್ರೀನಗರ ಮತ್ತು ರಾಣಿಬಾಗ್‌ಗಳಲ್ಲೂ ಕಾರ್ಖಾನೆಗಳು ಎದ್ದವು. ಕೈಗಡಿಯಾರ ವಿಭಾಗವನ್ನು ಮುಚ್ಚುವ ನಿರ್ಧಾರ 2016ರಲ್ಲಿ ಹೊರಬಿದ್ದ ಮೇಲೆ, ಮದುವೆಯಲ್ಲೋ ನಿವೃತ್ತಿಯಲ್ಲೋ ಉಡುಗೊರೆಯಾಗಿ ಬಂದು ಬೀರುವಿನಲ್ಲಿ ಉಳಿದಿದ್ದ ಜನತಾ, ಪೈಲಟ್, ಕೊಹಿನೂರ್‌ಗಳು ಸಂಗ್ರಾಹಕರ ಸರಕಾದವು.

ಈ ಮೂರು ಮಾದರಿಗಳ ಕೀ ಕೊಡುವ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸಿಟಿಜನ್ ವಿನ್ಯಾಸದಿಂದ ಬಂದ 0231 ಎಂಬ ಒಂದೇ ಯಂತ್ರ. ಅದರಲ್ಲಿ 17 ಹರಳುಗಳಿವೆ. ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ ಐದು ಬಾರಿ ಬಡಿಯುತ್ತದೆ. ಒಂದೇ ಯಂತ್ರವನ್ನು ಹಲವು ಮಾದರಿಗಳಿಗೆ ಬಳಸಿದ್ದರಿಂದ ರಿಪೇರಿ ಸುಲಭವಾಯಿತು, ಬಿಡಿಭಾಗಗಳಿಗೆ ಬರವಿಲ್ಲದಾಯಿತು. ಸಂಗ್ರಾಹಕನ ಮುಖ್ಯ ತೊಡಕು ಹುಟ್ಟುವುದೂ ಇಲ್ಲಿಂದಲೇ. ಜನತಾ ಹೇರಳವಾಗಿ ಸಿಗುತ್ತದೆ, ಆದರೆ ಕಪ್ಪು ಮುಖದ ಪೈಲಟ್‌ಗೆ ಬೇಡಿಕೆ ಹೆಚ್ಚು. ಸವೆದ ಜನತಾ ಒಂದರ ಡಯಲ್ ಬಿಚ್ಚಿ, ಅದಕ್ಕೆ ಕಪ್ಪು ಬಣ್ಣ ಬಳಿದು, ಬಿಳಿ ಅಂಕಿ ಅಚ್ಚು ಹಾಕಿ, ಮುಳ್ಳು ಬದಲಿಸಿದರೆ ಪೈಲಟ್ ಸಿದ್ಧ. ಒಳಗಿನ ಯಂತ್ರ ಅಸಲಿ ಎಚ್‌ಎಂಟಿಯದೇ ಆಗಿರುವುದರಿಂದ ಹಿಂಮುಚ್ಚಳ ತೆಗೆದು ನೋಡಿದವನಿಗೂ ಅನುಮಾನ ಬರುವುದಿಲ್ಲ. ಹೀಗಾಗಿ ಈ ಗಡಿಯಾರಗಳ ವಿಷಯದಲ್ಲಿ ‘ಯಂತ್ರ ಅಸಲಿಯೇ?’ ಎಂಬ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯದು. ಡಯಲ್, ಮುಳ್ಳು, ಕವಚ, ಕೀ ಇವೆಲ್ಲ ಒಂದೇ ಗಡಿಯಾರದವೇ ಎಂದು ಕೇಳಬೇಕು.

ಪರೀಕ್ಷೆ ಡಯಲ್‌ನಿಂದ ಶುರುವಾಗಬೇಕು, ಏಕೆಂದರೆ ಬೆಲೆಯ ದೊಡ್ಡ ಪಾಲು ಅಲ್ಲಿದೆ. ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಭೂತಗನ್ನಡಿಯೊಂದಿದ್ದರೆ ಸಾಕು. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ, ಗೆರೆಯ ದಪ್ಪ ಎಲ್ಲೆಡೆ ಒಂದೇ ಸಮ. ಮರುಬಣ್ಣದ ಡಯಲ್‌ನಲ್ಲಿ ಶಾಯಿ ಅಕ್ಷರದ ಮೂಲೆಗಳಲ್ಲಿ ಹರಡಿ ದಪ್ಪವಾಗಿರುತ್ತದೆ, ಸಣ್ಣ ಅಕ್ಷರಗಳ ಒಳಗಿನ ಖಾಲಿ ಜಾಗ ತುಂಬಿಹೋಗಿರುತ್ತದೆ. ಅದಕ್ಕಿಂತ ನಂಬಬಹುದಾದ ಸುಳಿವು ನಿಮಿಷದ ಗೆರೆಗಳ ವೃತ್ತ. ಆ ವೃತ್ತ ಡಯಲ್‌ನ ಅಂಚಿಗೆ ಸುತ್ತಲೂ ಸಮದೂರದಲ್ಲಿರದೆ ಒಂದು ಕಡೆ ಒತ್ತಿಕೊಂಡಿದ್ದರೆ, ಅಥವಾ ನಿಮಿಷದ ಮುಳ್ಳನ್ನು ಹನ್ನೆರಡರ ಮೇಲೆ ನಿಲ್ಲಿಸಿದಾಗ ಅದು ಗೆರೆಗೆ ನೇರವಾಗಿದ್ದು ಆರರ ಮೇಲೆ ತಪ್ಪಿದರೆ, ಅಚ್ಚು ಮತ್ತೆ ಹಾಕಲಾಗಿದೆ ಎಂಬ ಗುಮಾನಿ ಬಲವಾಗುತ್ತದೆ. ಕಡುಗೆಂಪು, ಗಿಳಿಹಸಿರು, ಕಿತ್ತಳೆ ಮುಖದ ಹೊಳೆಯುವ ‘ಹಳೆಯ ಪೈಲಟ್’ಗಳ ಬಗ್ಗೆ ಇಷ್ಟು ಶ್ರಮವೂ ಬೇಡ. ಅವು ಬಹುಪಾಲು ಇತ್ತೀಚಿನ ಮರುಬಣ್ಣದ ಕೆಲಸ.

ಡಯಲ್ ಆದ ಮೇಲೆ ವಯಸ್ಸಿನ ಹೊಂದಾಣಿಕೆಯನ್ನು ಗಮನಿಸಬೇಕು. ನಲವತ್ತು ವರ್ಷ ಒಟ್ಟಿಗಿದ್ದ ಭಾಗಗಳು ಒಟ್ಟಿಗೇ ಮುಪ್ಪಾಗಿರುತ್ತವೆ. ಕಲೆಯಿಲ್ಲದ ಡಯಲ್ ಮೇಲೆ ತುಕ್ಕಿನ ಚುಕ್ಕೆಯ ಮುಳ್ಳು ಇದ್ದರೂ, ಸವೆದ ಕವಚದಲ್ಲಿ ಹಲ್ಲು ಸವೆಯದ ಕೀ ಇದ್ದರೂ ಯಾವುದೋ ಒಂದು ಭಾಗ ಹೊರಗಿನಿಂದ ಬಂದಿದೆ ಎಂದರ್ಥ. ಕವಚದ ವಿಷಯದಲ್ಲಿ ಹಿಂಮುಚ್ಚಳದ ಬರಹವನ್ನು ಅವಸರದಲ್ಲಿ ಓದಬಾರದು. ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದು ಅಲ್ಲಿ ಕೊರೆದಿದ್ದರೆ ಆ ಮಾತು ಮುಚ್ಚಳಕ್ಕೆ ಮಾತ್ರ ಅನ್ವಯ. ಸುತ್ತಿನ ಕವಚ ಕ್ರೋಮ್ ಲೇಪಿಸಿದ ಹಿತ್ತಾಳೆಯಾಗಿರಬಹುದು. ಬೆವರು ತಗಲುವ ಪಟ್ಟಿಯ ಕಿವಿಗಳ ಒಳಬದಿಯಲ್ಲಿ ಹಳದಿ ಲೋಹ ಇಣುಕಿದರೆ ಲೇಪ ಹೋಗಿದೆ. ಸ್ಟೀಲ್ ಕವಚವನ್ನು ಉಜ್ಜಿ ಹೊಳಪು ತರಬಹುದು, ಲೇಪ ಹೋದ ಹಿತ್ತಾಳೆಯನ್ನು ಉಜ್ಜಿದಷ್ಟೂ ಕೆಡುತ್ತದೆ.

ಯಂತ್ರದ ಆರೋಗ್ಯ ಅಳೆಯಲು ಬಡಿತವನ್ನು ಆಲಿಸುವ ಟೈಮ್‌ಗ್ರಾಫರ್ ಇದೆ. ಪೂರ್ತಿ ಕೀ ಕೊಟ್ಟ ಗಡಿಯಾರವನ್ನು ಡಯಲ್ ಮೇಲಾಗಿ ಮಲಗಿಸಿದಾಗ ಬ್ಯಾಲೆನ್ಸ್ ಚಕ್ರದ ತೂಗು ಸುಮಾರು 270ರಿಂದ 300 ಡಿಗ್ರಿ ಇದ್ದರೆ ಚೆನ್ನ. 200ಕ್ಕಿಂತ ಕೆಳಗಿಳಿದರೆ ಎಣ್ಣೆ ಒಣಗಿದೆ ಅಥವಾ ಮುಖ್ಯ ಸ್ಪ್ರಿಂಗ್ ಸೋತಿದೆ. ಆದರೆ ಕೊಳ್ಳುವವರು ಹೆದರುವುದು ಹೆಚ್ಚಾಗಿ ಹೆದರಬೇಕಿಲ್ಲದ ದೋಷಗಳಿಗೆ. ದಿನಕ್ಕೆ ಅರ್ಧ ಗಂಟೆ ಮುಂದೆ ಓಡುವ ಗಡಿಯಾರ ಕೆಟ್ಟುಹೋದಂತೆ ಕಾಣುತ್ತದೆ. ಕೂದಲೆಳೆಯ ಸ್ಪ್ರಿಂಗಿನ ಸುರುಳಿಗಳು ಅಯಸ್ಕಾಂತದ ಪ್ರಭಾವದಿಂದಲೋ ಎಣ್ಣೆಯಿಂದಲೋ ಒಂದಕ್ಕೊಂದು ಅಂಟಿದರೆ ಹಾಗೆ ಆಗುತ್ತದೆ, ಕಾಂತತ್ವ ತೆಗೆಯುವುದಕ್ಕೂ ತೊಳೆಯುವುದಕ್ಕೂ ಹೆಚ್ಚು ಖರ್ಚಿಲ್ಲ. ಬದಲಿಗೆ, ಸರಿಯಾಗಿ ಓಡುತ್ತಿದ್ದರೂ ಕೀ ದಂಡ ಒಳಹೋಗುವ ಕಡೆ ಕೆಂಪು ತುಕ್ಕು ಕಂಡರೆ ಎಚ್ಚರ ಬೇಕು. ನೀರು ಒಳಗೆ ಇಳಿಯುವ ದಾರಿ ಅದು. ಡಯಲ್‌ನ ಅಡಿಯಲ್ಲಿರುವ ಕೀ ಕೊಡುವ, ಮುಳ್ಳು ತಿರುಗಿಸುವ ಭಾಗಗಳಿಗೂ ತುಕ್ಕು ಹಬ್ಬಿರುವ ಸಂಭವವಿದೆ. ಬ್ರಿಡ್ಜ್‌ನ ತಿರುಪುಗಳ ತಲೆಯ ಸೀಳು ಕಿತ್ತುಹೋಗಿದ್ದರೆ ಒರಟು ಕೈಗಳು ಒಳಗಾಡಿವೆ ಎಂದು ತಿಳಿಯಬಹುದು.

ಬೆಲೆ ಕಟ್ಟುವ ಕ್ರಮವನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು; ಇಲ್ಲಿನ ಮೊತ್ತಗಳು ಮಾರುಕಟ್ಟೆ ದರಗಳಲ್ಲ. ‘ಮುಟ್ಟದ ಹಳೆಯ ಸ್ಟಾಕ್’ ಎಂಬ ಮಾತಿನೊಂದಿಗೆ ಪೈಲಟ್ ಒಂದನ್ನು 6,000 ರೂಪಾಯಿಗೆ ಒಡ್ಡಲಾಗಿದೆ ಎನ್ನೋಣ. ಮಾರುವವರು ಕೇಳುವ ಬೆಲೆಯನ್ನು ಬದಿಗಿಟ್ಟು, ಸರ್ವಿಸ್ ಆಗಿರುವ ಅಸಲಿ ಡಯಲ್‌ನ ಪೈಲಟ್‌ಗಳು ಇತ್ತೀಚೆಗೆ ನಿಜಕ್ಕೂ ಮಾರಾಟವಾದ ಬೆಲೆಯನ್ನು ಹುಡುಕಬೇಕು. ಅದು 5,000 ಎಂದಿಟ್ಟುಕೊಂಡರೆ, ಭೂತಗನ್ನಡಿಯಡಿ ಈ ಪೈಲಟ್‌ನ ಅಚ್ಚು ಚೂಪಾಗಿದ್ದು, ಕೀ ಮಾತ್ರ ಹೊಸದಾಗಿದ್ದು, ತೂಗು 190 ಡಿಗ್ರಿಗೆ ಬಿದ್ದಿದ್ದರೆ, ತೊಳೆದು ಎಣ್ಣೆ ಹಾಕುವ ಖರ್ಚು 1,200 ಮತ್ತು ಸರಿಯಾದ ಕೀ ಹುಡುಕುವ ಖರ್ಚು 300 ಕಳೆಯಬೇಕು. ನ್ಯಾಯವಾದ ಬೆಲೆ 3,500. ಅದೇ ಗಡಿಯಾರದ ನಿಮಿಷದ ವೃತ್ತ ಓರೆಯಾಗಿದ್ದರೆ ಈ ಕಳೆಯುವ ಲೆಕ್ಕವೇ ಅನ್ವಯಿಸದು. ಅದು ಪೈಲಟ್ ಆಗಿ ಉಳಿದಿಲ್ಲ. ಒಳಗಿನ ಯಂತ್ರ ಮತ್ತು ಕವಚ ಬಿಡಿಭಾಗಗಳಾಗಿ ಎಷ್ಟು ಬಾಳುತ್ತವೋ ಅಷ್ಟೇ ಅದರ ಬೆಲೆ, ಮೇಲಿನ ಬಣ್ಣಕ್ಕೆ ಏನೂ ಕೊಡಬೇಕಿಲ್ಲ.

ಬದಲಾದ ಭಾಗಗಳೆಲ್ಲ ದೋಷವೆಂದು ಎಣಿಸುವುದೂ ತಪ್ಪು. ಮುಖ್ಯ ಸ್ಪ್ರಿಂಗ್, ನೀರುತಡೆ ರಬ್ಬರ್, ಪ್ಲಾಸ್ಟಿಕ್ ಗಾಜು ಇವು ಸವೆಯಲೆಂದೇ ಇರುವ ವಸ್ತುಗಳು. ಅವನ್ನು ಹೊಸದಾಗಿ ಹಾಕಿದ್ದರೆ ಬೆಲೆ ಕುಗ್ಗದು, ಗೀರು ಬಿದ್ದ ಪ್ಲಾಸ್ಟಿಕ್ ಗಾಜನ್ನು ಪಾಲಿಶ್‌ನಿಂದ ಉಜ್ಜಿ ತಿಳಿಗೊಳಿಸಲೂಬಹುದು. ಡಯಲ್‌ನ ಮಾತು ಬೇರೆ. ಅಂಚಿನಲ್ಲಿ ತೇವದ ಕಲೆ ಬಿದ್ದು ಬಿಳುಪು ಕೆನೆಬಣ್ಣಕ್ಕೆ ತಿರುಗಿದ ಜನತಾ ಡಯಲ್ ನೋಡಲು ಅಷ್ಟು ಚೆಂದವಿಲ್ಲದಿದ್ದರೂ ಅನುಭವಿ ಸಂಗ್ರಾಹಕರು ಅದನ್ನು ಹಾಗೆಯೇ ಇಟ್ಟುಕೊಳ್ಳುತ್ತಾರೆ. ಸಿಟಿಜನ್ ಹೆಸರೂ ಇರುವ ಮೊದಲ ಕಾಲದ ಡಯಲ್‌ಗಳಿಗಂತೂ ಬಣ್ಣ ಬಳಿಸುವ ಮಾತೇ ಬರಬಾರದು. ಒಮ್ಮೆ ಅಚ್ಚು ಅಳಿಸಿದರೆ ಕಾರ್ಖಾನೆಯ ಆ ಕಾಲವನ್ನು ಹೇಳುವ ಸಾಕ್ಷಿ ಆ ಗಡಿಯಾರದ ಮುಖದ ಮೇಲೆ ಉಳಿಯುವುದಿಲ್ಲ.